ಪರಿಷ್ಕೃತ ಲೇಖನದ ಜೊತೆ ಹೋಗುವ ಕೃತಜ್ಞತಾ ಪತ್ರ: ಸಂಪಾದಕರಿಗೂ ಪರಿಶೀಲಕರಿಗೂ ಬರೆಯುವ ಬಗೆ

ವಿದ್ವತ್ ಪತ್ರಿಕೆಯೊಂದಕ್ಕೆ ತಿದ್ದಿದ ಲೇಖನ ಮರಳಿ ಬಂದಾಗ ಸಂಪಾದಕರು ಸಾಮಾನ್ಯವಾಗಿ ಮೊದಲು ತೆರೆಯುವುದು ಅದರ ಜೊತೆಗಿರುವ ಕವರ್ ಲೆಟರನ್ನು. ಅದನ್ನು ಓದುತ್ತಲೇ ಅವರು ಒಂದು ತೀರ್ಮಾನಕ್ಕೆ ಬರಬೇಕಾಗಿರುತ್ತದೆ: ಲೇಖನವನ್ನು ಮತ್ತೆ ಅದೇ ಪರಿಶೀಲಕರಿಗೆ ಕಳಿಸಬೇಕೇ, ಒಬ್ಬರಿಗೆ ಮಾತ್ರ ಸಾಕೇ, ಅಥವಾ ತಾವೇ ನೋಡಿ ಮುಗಿಸಬಹುದೇ? ಪತ್ರದಲ್ಲಿ ಇದಕ್ಕೆ ಬೇಕಾದ ಮಾಹಿತಿ ಇದ್ದರೆ ಕೆಲಸ ಮುಂದೆ ಸಾಗುತ್ತದೆ. ಇಲ್ಲದಿದ್ದರೆ ಲೇಖನ ಅವರ ಇನ್‌ಬಾಕ್ಸಿನಲ್ಲಿ ಬಿಡುವಿರುವ ಒಂದು ದಿನಕ್ಕಾಗಿ ಕಾಯುತ್ತ ಕೂರುತ್ತದೆ. ಆದ್ದರಿಂದ ಈ ಪತ್ರದಲ್ಲಿ ಕೃತಜ್ಞತೆಗೆ ಒಂದೆರಡು ವಾಕ್ಯ ಸಾಕು, ಉಳಿದದ್ದೆಲ್ಲ ಮಾಹಿತಿ. ಆ ಒಂದೆರಡು ವಾಕ್ಯವನ್ನು ಹೇಗೆ ಬರೆಯಬೇಕು, ಉಳಿದದ್ದರಲ್ಲಿ ಏನಿರಬೇಕು ಎಂಬುದನ್ನು ಒಂದೇ ಉದಾಹರಣೆ ಹಿಡಿದು ನೋಡೋಣ.

ಮುಂಬೈ ವಿಶ್ವವಿದ್ಯಾಲಯದ ಕಲೀನಾ ಆವರಣದಲ್ಲಿ ಕನ್ನಡದಲ್ಲಿ ಪಿಎಚ್‌ಡಿ ಮಾಡುತ್ತಿರುವವರಿಗೂ, ಪುಣೆಯ ಲ್ಯಾಬೊಂದರಲ್ಲಿ ಕೆಲಸ ಮಾಡುವವರಿಗೂ, ಗೋವಾದ ದೋನಾ ಪಾವ್ಲಾದಲ್ಲಿ ಸಮುದ್ರ ವಿಜ್ಞಾನದ ಪೇಪರ್ ಬರೆಯುವವರಿಗೂ ಪತ್ರದ ಒಳಗಿನ ಕ್ರಮ ಒಂದೇ. ಭಾಷೆ ಬದಲಾಗುತ್ತದೆ, ಕಳಿಸುವ ದಾರಿ ಬದಲಾಗುತ್ತದೆ, ಅಷ್ಟೆ. ನಮ್ಮ ಉದಾಹರಣೆ ಕನ್ನಡ ಪತ್ರಿಕೆಗೆ ಹೋದ ಕನ್ನಡ ಲೇಖನದ್ದು. ಇಂಗ್ಲಿಷಿನಲ್ಲಿ ಬರೆಯುವವರು ಇದೇ ವಾಕ್ಯಗಳ ಕ್ರಮವನ್ನು ಹಾಗೇ ಇಟ್ಟುಕೊಳ್ಳಬಹುದು.

ಪತ್ರಕ್ಕೆ ಕೈ ಹಾಕುವ ಮೊದಲು

ಪತ್ರವನ್ನು ಕೊನೆಗೆ ಬರೆಯಿರಿ. ಮೊದಲು ಲೇಖನ ತಿದ್ದಬೇಕು, ಆಮೇಲೆ ಉತ್ತರಪಟ್ಟಿ ಮಾಡಬೇಕು. ಉತ್ತರಪಟ್ಟಿ ಎಂದರೆ ಪರಿಶೀಲಕರ ಒಂದೊಂದು ಮಾತನ್ನೂ ಇದ್ದ ಹಾಗೆ ನಕಲಿಸಿ, ಅದರ ಕೆಳಗೆ ಏನು ಮಾಡಿದ್ದೀರಿ, ಯಾವ ಪುಟದಲ್ಲಿ ಮಾಡಿದ್ದೀರಿ ಎಂದು ಬರೆದ ಪ್ರತ್ಯೇಕ ಕಡತ. ಇದು ಮುಗಿಯುವ ಮೊದಲೇ ಪತ್ರ ಬರೆದರೆ ಅದರಲ್ಲಿ ಹೇಳಿದ್ದಕ್ಕೂ ಪಟ್ಟಿಯಲ್ಲಿ ಇರುವುದಕ್ಕೂ ತಾಳೆಯಾಗುವುದಿಲ್ಲ. ಸಂಪಾದಕರು ಬೇಗ ಗುರುತಿಸುವ ದೋಷ ಇದು.

ಪಟ್ಟಿ ಮುಗಿದ ಮೇಲೆ ಒಂದು ಎಣಿಕೆ ಮಾಡಿಕೊಳ್ಳಿ. ಒಟ್ಟು ಎಷ್ಟು ಸಲಹೆ ಬಂದಿದ್ದವು, ಎಷ್ಟನ್ನು ಅಳವಡಿಸಿದ್ದೀರಿ, ಯಾವುದನ್ನು ಬಿಟ್ಟಿದ್ದೀರಿ? ಜೊತೆಗೆ, ಲೇಖನದ ತೀರ್ಮಾನವನ್ನೋ ಅಂಕಿಯನ್ನೋ ಬದಲಿಸಿದ ಸಲಹೆ ಯಾವುದು ಎಂದು ಗುರುತು ಹಾಕಿಕೊಳ್ಳಿ. ಪತ್ರಕ್ಕೆ ಬೇಕಾದ ಸಾಮಗ್ರಿ ಬಹುಮಟ್ಟಿಗೆ ಇಷ್ಟೇ.

ಸಂಪಾದಕರ ನಿರ್ಣಯ ಪತ್ರವನ್ನೂ ಇನ್ನೊಮ್ಮೆ ಓದಿ. ಪರಿಶೀಲಕರ ವರದಿಗಳ ಮೇಲ್ಗಡೆ ಸಂಪಾದಕರೇ ಬರೆದ ಎರಡು ಸಾಲು ಇರುತ್ತವೆ: ಪದಮಿತಿ ಮೀರಿದೆ, ಶೀರ್ಷಿಕೆ ಉದ್ದವಾಯಿತು, ಎರಡನೇ ಪರಿಶೀಲಕರ ಮೂರನೇ ಅಂಶಕ್ಕೆ ವಿಶೇಷ ಗಮನ ಕೊಡಿ, ಹೀಗೆ. ವರದಿಗಳ ಬಿಸಿಯಲ್ಲಿ ಈ ಎರಡು ಸಾಲು ಮರೆತುಹೋಗುವುದು ತೀರಾ ಸಾಮಾನ್ಯ. ನಿರ್ಣಯ ಮಾಡುವವರ ಮಾತನ್ನೇ ಬಿಟ್ಟು ಉಳಿದವರಿಗೆಲ್ಲ ಉತ್ತರ ಕೊಟ್ಟ ಹಾಗಾಗುತ್ತದೆ.

ನಮ್ಮ ಉದಾಹರಣೆ

ಉದಾಹರಣೆಗೆಂದು ಕಟ್ಟಿಕೊಂಡ ಲೇಖನ ಇದು. ಮುಂಬೈಯ ಕನ್ನಡ ರಾತ್ರಿ ಶಾಲೆಗಳಲ್ಲಿ ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಓದಿದ ಹುಡುಗರ ಬಗ್ಗೆ, ಒಂದು ಶಾಲೆಯ ದಾಖಲಾತಿ ಪುಸ್ತಕವನ್ನು ಆಧಾರವಾಗಿಟ್ಟುಕೊಂಡು ಇಬ್ಬರು ಬರೆದದ್ದು. ಒಬ್ಬರು ಮುಂಬೈಯವರು, ಇನ್ನೊಬ್ಬರು ಪುಣೆಯವರು. ಪುಸ್ತಕದಲ್ಲಿ 412 ಹೆಸರುಗಳಿವೆ. ಅವುಗಳಲ್ಲಿ 280 ಮಂದಿ ಹೋಟೆಲ್ ಕಾರ್ಮಿಕರು, ಅಂದರೆ ಶೇಕಡಾ 68, ಎಂದು ಮೊದಲ ಪ್ರತಿಯಲ್ಲಿತ್ತು.

ಪತ್ರಿಕೆಯ ನಿರ್ಣಯ: ಗಣನೀಯ ಪರಿಷ್ಕರಣೆ ಬೇಕು. ಲೇಖನವನ್ನು 5,000 ಪದದೊಳಗೆ ತರಬೇಕೆಂದು ಸಂಪಾದಕರು ಸೂಚಿಸಿದ್ದಾರೆ. ಮೊದಲ ಪರಿಶೀಲಕರು 7 ಅಂಶ, ಎರಡನೆಯವರು 5 ಅಂಶ ಎತ್ತಿದ್ದಾರೆ. ಮೊದಲನೆಯವರ ಎರಡನೇ ಅಂಶ ಲೇಖನದ ಬುಡಕ್ಕೇ ಕೈ ಹಾಕಿದೆ: "ದಾಖಲಾತಿ ಪುಸ್ತಕದ 'ಉದ್ಯೋಗ' ಎಂಬ ಅಂಕಣ ವಿದ್ಯಾರ್ಥಿಯದೋ, ಪೋಷಕರದೋ? ಲೇಖಕರು ಇದನ್ನು ಎಲ್ಲೂ ಹೇಳಿಲ್ಲ." ಎರಡನೆಯವರು ಗಿರಣಗಾಂವದ ಮಿಲ್ ಕಾರ್ಮಿಕರು ಓದುತ್ತಿದ್ದ ಮರಾಠಿ ರಾತ್ರಿ ಶಾಲೆಗಳ ಜೊತೆ ಹೋಲಿಕೆ ಬೇಕು ಎಂದಿದ್ದಾರೆ.

ಲೇಖಕರು ಪುಸ್ತಕ ತೆರೆದು ಮತ್ತೆ ಎಣಿಸಿದರು. 37 ಹೆಸರುಗಳ ಎದುರು ಇರುವ ಉದ್ಯೋಗ ಯಾರದೆಂದು ಖಚಿತವಾಗಿ ಹೇಳಲು ಬರುವುದಿಲ್ಲ. ಅವನ್ನು ಬೇರೆ ವರ್ಗಕ್ಕೆ ಹಾಕಿದರೆ ಉಳಿದದ್ದು 243, ಅಂದರೆ ಶೇಕಡಾ 59. ಮರಾಠಿ ಶಾಲೆಗಳ ಹೋಲಿಕೆಗೆ ಬೇಕಾದ ದಾಖಲಾತಿ ಪುಸ್ತಕ ಕೈಯಲ್ಲಿಲ್ಲ. ಹಾಗಾಗಿ ಅದನ್ನು ಮಾಡಲಿಲ್ಲ, ಲೇಖನದ ಮಿತಿಯನ್ನು ಹೇಳುವ ಒಂದು ಪ್ಯಾರಾ ಸೇರಿಸಿದರು. ಉಳಿದ 11 ಅಂಶಗಳನ್ನು ಅಳವಡಿಸಿದರು.

ಹೀಗೆ ಬರೆದರೆ ಏನಾಗುತ್ತದೆ

ನಮ್ಮ ಕಡೆ ಇಂಥ ಹೊತ್ತಿನಲ್ಲಿ ತನ್ನಷ್ಟಕ್ಕೆ ಬರುವ ಕರಡು ಹೆಚ್ಚುಕಡಿಮೆ ಹೀಗಿರುತ್ತದೆ:

> ಪರಮ ಪೂಜ್ಯ ಸಂಪಾದಕರಿಗೆ ಅನಂತ ನಮಸ್ಕಾರಗಳು. ತಾವೂ ಘನ ವಿದ್ವಾಂಸರಾದ ಪರಿಶೀಲಕರೂ ತಮ್ಮ ಅಮೂಲ್ಯ ಸಮಯವನ್ನು ವ್ಯಯಿಸಿ, ನಮ್ಮ ಈ ಅಲ್ಪ ಪ್ರಯತ್ನವನ್ನು ಕೂಲಂಕಷವಾಗಿ ಪರಿಶೀಲಿಸಿ ನೀಡಿದ ಅತ್ಯಮೂಲ್ಯ ಸಲಹೆಗಳಿಗೆ ನಾವು ಚಿರಋಣಿಗಳು. ಎಲ್ಲ ಸಲಹೆಗಳನ್ನೂ ಚಾಚೂ ತಪ್ಪದೆ ಅಳವಡಿಸಿಕೊಂಡಿದ್ದೇವೆ. ಪಿಎಚ್‌ಡಿ ಸಲ್ಲಿಕೆಗೆ ಅಗತ್ಯವಿರುವುದರಿಂದ ಲೇಖನವನ್ನು ಮುಂದಿನ ಸಂಚಿಕೆಯಲ್ಲೇ ಪ್ರಕಟಿಸಬೇಕಾಗಿ ಸವಿನಯ ಪ್ರಾರ್ಥನೆ.

ಇದರಲ್ಲಿ ವಿನಯ ಬೇಕಾದಷ್ಟಿದೆ, ಸುದ್ದಿ ಒಂದೂ ಇಲ್ಲ. ಯಾವ ಲೇಖನ ಎಂದೇ ಹೇಳಿಲ್ಲ. "ಅಮೂಲ್ಯ" ಎರಡು ಸಲ ಬಂದಿದೆ. ಯಾವ ಸಲಹೆಯಿಂದ ಏನು ಪ್ರಯೋಜನವಾಯಿತು ಎಂಬುದು ಒಮ್ಮೆಯೂ ಬಂದಿಲ್ಲ. ಈ ಪತ್ರವನ್ನು ಬೇರಾವ ಲೇಖನಕ್ಕೆ ಹಚ್ಚಿದರೂ ನಡೆಯುತ್ತದೆ. ಸಂಪಾದಕರಿಗೂ ಅದು ಗೊತ್ತಾಗುತ್ತದೆ.

ಹೆಚ್ಚು ಅಪಾಯ ಇರುವುದು "ಎಲ್ಲ ಸಲಹೆಗಳನ್ನೂ" ಎಂಬಲ್ಲಿ. ಮರಾಠಿ ಶಾಲೆಗಳ ಹೋಲಿಕೆಯನ್ನು ಮಾಡಿಲ್ಲವಲ್ಲ. ಎರಡನೇ ಪರಿಶೀಲಕರು ಲೇಖನ ತೆರೆದ ಕೂಡಲೇ ಮೊದಲು ಹುಡುಕುವುದು ಅದನ್ನೇ. ಇಲ್ಲದ್ದನ್ನು ಇದೆ ಎಂದ ಪತ್ರ ಉಳಿದ 11 ಉತ್ತರಗಳ ಮೇಲೂ ಅನುಮಾನ ಹುಟ್ಟಿಸುತ್ತದೆ. ಕೊನೆಯ ವಾಕ್ಯದ ಪ್ರಾರ್ಥನೆಯಂತೂ ಸಂಪಾದಕರನ್ನು ಇಕ್ಕಟ್ಟಿಗೆ ಸಿಲುಕಿಸುತ್ತದೆ. ಪರಿಶೀಲನೆ ಮುಗಿಯದೆ ಅವರು ಸಂಚಿಕೆಯ ಮಾತು ಕೊಡುವ ಹಾಗಿಲ್ಲ. ವಿಶ್ವವಿದ್ಯಾಲಯಕ್ಕೆ ಯಾವುದಾದರೂ ದಾಖಲೆ ಬೇಕಿದ್ದರೆ, ಲೇಖನ ಪರಿಶೀಲನೆಯಲ್ಲಿದೆ ಎಂಬ ಒಂದು ಪತ್ರವನ್ನು ಬೇರೆಯಾಗಿ ಕೇಳಿ.

ಒಂದೊಂದೇ ವಾಕ್ಯ

ಸಂಬೋಧನೆಗೆ "ಮಾನ್ಯ ಸಂಪಾದಕರಿಗೆ" ಸಾಕು. ಕನ್ನಡ ವಿದ್ವತ್ ಲೋಕ ಚಿಕ್ಕದು. ಸಂಪಾದಕರು ನಿಮ್ಮ ಗೈಡಿಗೆ ಗೆಳೆಯರಾಗಿರಬಹುದು, ಮಾತುಂಗದ ಕಾರ್ಯಕ್ರಮದಲ್ಲಿ ಪಕ್ಕದಲ್ಲೇ ಕೂತಿದ್ದಿರಬಹುದು, ಫೋನಿನಲ್ಲಿ ನೀವು ಅವರನ್ನು "ಸರ್" ಎಂದೋ "ಮೇಡಂ" ಎಂದೋ ಕರೆಯುತ್ತಿರಬಹುದು. ಆ ಸಲಿಗೆ ಪತ್ರಕ್ಕೆ ಬರಬಾರದು, ಏಕೆಂದರೆ ಪತ್ರ ಕಡತದಲ್ಲಿ ಉಳಿಯುತ್ತದೆ, ಸಂಪಾದಕ ಮಂಡಳಿಯ ಬೇರೆಯವರೂ ಓದುತ್ತಾರೆ. "ತಾವು" ಎಂದು ಶುರು ಮಾಡಿದರೆ ಕೊನೆಯವರೆಗೂ "ತಾವು" ಇರಲಿ. ನಡುವೆ "ನೀವು" ನುಸುಳಿದರೆ ಎರಡು ಕಡೆಯಿಂದ ತಂದು ಅಂಟಿಸಿದ ಪತ್ರದ ಹಾಗೆ ಕಾಣುತ್ತದೆ.

ಮೊದಲ ವಾಕ್ಯದಲ್ಲಿ ಲೇಖನದ ಶೀರ್ಷಿಕೆ, ಪತ್ರಿಕೆ ಕೊಟ್ಟ ಸಂಖ್ಯೆ, ನಿರ್ಣಯ ಬಂದ ದಿನಾಂಕ ಇರಬೇಕು. ಸಂಖ್ಯೆ ಕೊಡದ ಪತ್ರಿಕೆಯಾದರೆ ಮೊದಲು ಕಳಿಸಿದ ದಿನಾಂಕ ಹಾಕಿ.

ಎರಡನೆಯದು ಕೃತಜ್ಞತೆ. ಇದನ್ನು ಬರೆಯುವ ಬಗೆ ಸರಳ: ಯಾರಿಗೆ, ಯಾವ ಮಾತಿಗಾಗಿ, ಅದರಿಂದ ಲೇಖನದಲ್ಲಿ ಏನು ಬದಲಾಯಿತು, ಈ ಮೂರೂ ಇರಬೇಕು. "ಮೊದಲ ಪರಿಶೀಲಕರ ಸಲಹೆ ಬಹಳ ಉಪಯುಕ್ತವಾಗಿತ್ತು" ಎಂದರೆ ಮೂರನೆಯದು ಬಿಟ್ಟುಹೋಯಿತು. "ಉದ್ಯೋಗದ ಅಂಕಣದ ಬಗ್ಗೆ ಮೊದಲ ಪರಿಶೀಲಕರು ಎತ್ತಿದ ಪ್ರಶ್ನೆಯಿಂದ ನಮ್ಮ ಮುಖ್ಯ ಎಣಿಕೆಯನ್ನೇ ತಿದ್ದಿಕೊಂಡೆವು, ಅದಕ್ಕಾಗಿ ಅವರಿಗೆ ಕೃತಜ್ಞರು" ಎಂದರೆ ಮೂರೂ ಬಂದವು. ಇಂಥ ವಾಕ್ಯಕ್ಕೆ ವಿಶೇಷಣ ಬೇಡ. ತಮ್ಮ ಮಾತು ಎಲ್ಲಿ ಕೆಲಸ ಮಾಡಿತೆಂದು ಪರಿಶೀಲಕರಿಗೆ ಅದರಿಂದಲೇ ತಿಳಿಯುತ್ತದೆ.

ಇಬ್ಬರು ಪರಿಶೀಲಕರಿದ್ದರೆ ಇಬ್ಬರಿಗೂ ಒಂದೊಂದು ಹಿಡಿದು ಹೇಳಬಹುದಾದ ಮಾತು ಹುಡುಕಿ. ಒಬ್ಬರ ವರದಿ ನಾಲ್ಕೇ ಸಾಲಿನದಾಗಿದ್ದು, ಅದರಲ್ಲಿ ಬರೀ ಕಾಗುಣಿತದ ತಪ್ಪುಗಳೇ ಇದ್ದರೆ ಅದನ್ನೇ ಹೇಳಿ: ಅವರು ಗುರುತಿಸಿದ ತಪ್ಪುಗಳನ್ನು ತಿದ್ದಿದ್ದೇವೆ. ನಾಲ್ಕು ಸಾಲಿನ ವರದಿಯನ್ನು "ಆಳವಾದ ವಿಮರ್ಶೆ" ಎಂದು ಕರೆದರೆ ವ್ಯಂಗ್ಯವಾಗಿ ಕೇಳಿಸುತ್ತದೆ. ಖಾರವಾಗಿ ಬರೆದವರಿಗೂ ಇದೇ ಅಳತೆ. "ಲೇಖಕರಿಗೆ ದಾಖಲೆ ಓದುವ ಶಿಸ್ತೇ ಇಲ್ಲ" ಎಂದು ಅವರು ಬರೆದಿದ್ದರೂ, ನೀವು ಉತ್ತರಿಸುವುದು ಆ ಮಾತಿನೊಳಗೆ ಅಡಗಿರುವ ಪ್ರಶ್ನೆಗೆ. ಧಾಟಿಯ ಬಗ್ಗೆ ಪತ್ರದಲ್ಲಿ ಒಂದಕ್ಷರವೂ ಬೇಡ.

ಮೂರನೆಯದು ಮುಖ್ಯ ಬದಲಾವಣೆ. ಅಂಕಿ ಬದಲಾಗಿದ್ದರೆ ಹಳೆಯದು, ಹೊಸದು ಎರಡನ್ನೂ ಕೊಡಿ. ಶೇಕಡಾ 68 ಇದ್ದದ್ದು 59 ಆಗಿದೆ. "ಮೂರರಲ್ಲಿ ಎರಡು ಪಾಲು" ಎಂದಿದ್ದದ್ದನ್ನು "ಅರ್ಧಕ್ಕಿಂತ ಹೆಚ್ಚು" ಎಂದು ಸಾರಾಂಶದಲ್ಲೂ ಬದಲಿಸಲಾಗಿದೆ. ಅಂಕಿ ಇಳಿದದ್ದನ್ನು ಪತ್ರದಲ್ಲಿ ಹೇಳಲು ಹಲವರು ಹಿಂಜರಿಯುತ್ತಾರೆ. ಆದರೆ ಸಂಪಾದಕರು ಅದನ್ನು ಲೇಖನದ ನಡುವೆ ತಾವಾಗಿ ಕಂಡುಕೊಂಡರೆ ಮುಚ್ಚಿಟ್ಟ ಹಾಗೆ ಕಾಣುತ್ತದೆ, ಪತ್ರದಲ್ಲೇ ಓದಿದರೆ ಪರಿಶೀಲನೆ ಫಲ ಕೊಟ್ಟಿತು ಎನಿಸುತ್ತದೆ. ಅಂಕಿ ಬದಲಾದಾಗ ಸಾರಾಂಶ, ಕೋಷ್ಟಕ, ಸಮಾರೋಪ ಮೂರು ಕಡೆಯೂ ತಿದ್ದಿದ್ದೀರಾ ಎಂದು ಈ ವಾಕ್ಯ ಬರೆಯುವಾಗಲೇ ನೋಡಿಕೊಳ್ಳಿ. ಸಾರಾಂಶದಲ್ಲಿ ಹಳೆಯ ಅಂಕಿ ಹಾಗೇ ಉಳಿಯುವುದು ಮಾಮೂಲಿ.

ನಾಲ್ಕನೆಯದು ಒಪ್ಪದ ಅಂಶ, ಬರೆಯಲು ಕಷ್ಟವಾದ ವಾಕ್ಯ. ಇಲ್ಲಿ ಕಾರಣ ಕೊಡಬೇಕು, ಬದಲಿಗೆ ಏನು ಮಾಡಿದ್ದೀರಿ ಎಂದು ಹೇಳಬೇಕು, ವಾದ ಮಾಡಬಾರದು. "ಈ ಹೋಲಿಕೆ ನಮ್ಮ ಲೇಖನಕ್ಕೆ ಅನಗತ್ಯ" ಎಂದರೆ ಪರಿಶೀಲಕರ ತೀರ್ಮಾನವನ್ನೇ ತಳ್ಳಿಹಾಕಿದಂತೆ. "ಸಮಯದ ಅಭಾವದಿಂದ ಸಾಧ್ಯವಾಗಲಿಲ್ಲ" ಎಂದರೆ ಇನ್ನೂ ಕೆಟ್ಟದ್ದು, ಸಂಪಾದಕರು ಇನ್ನೆರಡು ತಿಂಗಳು ಗಡುವು ಕೊಟ್ಟು ಮಾಡಿ ಎನ್ನಬಹುದು. ನಿಜವಾದ ಕಾರಣ ಆಧಾರದ ಕೊರತೆ: ಅದೇ ಅವಧಿಯ ಮರಾಠಿ ಶಾಲೆಗಳ ದಾಖಲಾತಿ ಪುಸ್ತಕ ಇಲ್ಲದೆ ಹೋಲಿಸಿದರೆ ಒಂದು ಕಡೆ ಎಣಿಕೆ, ಇನ್ನೊಂದು ಕಡೆ ಊಹೆ ಆಗುತ್ತದೆ. ಅದನ್ನೇ ಹೇಳಿ, ಮಿತಿಯ ಪ್ಯಾರಾ ಎಲ್ಲಿದೆ ಎಂದು ತೋರಿಸಿ. ಒಪ್ಪದ ಅಂಶ ಮೂರೋ ನಾಲ್ಕೋ ಇದ್ದರೆ ಎಲ್ಲವನ್ನೂ ಪತ್ರಕ್ಕೆ ತುಂಬಬೇಡಿ. ಸಂಖ್ಯೆ ಹೇಳಿ, ದೊಡ್ಡದೊಂದನ್ನು ವಿವರಿಸಿ, ಉಳಿದವನ್ನು ಉತ್ತರಪಟ್ಟಿಯಲ್ಲಿ ನೋಡಲು ಹೇಳಿ.

ಪರಿಶೀಲಕರಿಬ್ಬರೂ ಒಬ್ಬರಿಗೊಬ್ಬರು ಎದುರಾದಾಗಲೂ ಹೇಳಬೇಕಾದ ಜಾಗ ಇದೇ. ಒಬ್ಬರು ಪೀಠಿಕೆ ಕುಗ್ಗಿಸಿ ಎಂದಿದ್ದಾರೆ, ಇನ್ನೊಬ್ಬರು ರಾತ್ರಿ ಶಾಲೆಗಳ ಇತಿಹಾಸ ಇನ್ನಷ್ಟು ಬೇಕು ಎಂದಿದ್ದಾರೆ ಎಂದುಕೊಳ್ಳಿ. ನೀವು ಹಿಡಿದ ದಾರಿಯನ್ನು ಒಂದು ವಾಕ್ಯದಲ್ಲಿ ಸಂಪಾದಕರಿಗೆ ತಿಳಿಸಿ. ಒಬ್ಬ ಪರಿಶೀಲಕರಿಗೆ ಇನ್ನೊಬ್ಬರು ಏನು ಹೇಳಿದ್ದಾರೆಂದು ಗೊತ್ತಿರದೆ ಇರಬಹುದು, ಸಂಪಾದಕರಿಗಂತೂ ಎರಡೂ ಗೊತ್ತು.

ಸಂಪಾದಕರ ಸ್ವಂತ ಸೂಚನೆಗೆ ಒಂದು ಚಿಕ್ಕ ವಾಕ್ಯ ಸಾಕು: ಲೇಖನ ಈಗ 4,960 ಪದಗಳಲ್ಲಿದೆ. ಅದರಲ್ಲಿ ಅಡಿಟಿಪ್ಪಣಿ ಸೇರಿದೆಯೇ ಇಲ್ಲವೇ ಎಂಬುದನ್ನೂ ಅಲ್ಲೇ ಹೇಳಿಬಿಡಿ. ಕೊನೆಗೆ ಲಗತ್ತಿಸಿದ ಕಡತಗಳ ಹೆಸರು.

ಪೂರ್ತಿ ಪತ್ರ

> ಮಾನ್ಯ ಸಂಪಾದಕರಿಗೆ,
>
> "ಹಗಲು ಹೋಟೆಲು, ರಾತ್ರಿ ಶಾಲೆ: ಒಂದು ದಾಖಲಾತಿ ಪುಸ್ತಕದ ಓದು" (ಲೇಖನ ಸಂಖ್ಯೆ …) ಕುರಿತು ದಿನಾಂಕ … ರಂದು ತಾವು ಕಳಿಸಿದ ನಿರ್ಣಯಕ್ಕೆ ಅನುಗುಣವಾಗಿ ತಿದ್ದಿದ ಪ್ರತಿಯನ್ನು ಇದರೊಂದಿಗೆ ಕಳಿಸುತ್ತಿದ್ದೇವೆ.
>
> ಪರಿಷ್ಕರಣೆಗೆ ಅವಕಾಶ ಕೊಟ್ಟ ತಮಗೂ ಲೇಖನವನ್ನು ಗಮನವಿಟ್ಟು ಓದಿದ ಇಬ್ಬರು ಪರಿಶೀಲಕರಿಗೂ ನಾವು ಕೃತಜ್ಞರು. ಉದ್ಯೋಗದ ಅಂಕಣ ಯಾರದು ಎಂದು ಮೊದಲ ಪರಿಶೀಲಕರು ಎತ್ತಿದ ಪ್ರಶ್ನೆಯಿಂದ ಇಡೀ ಪುಸ್ತಕವನ್ನು ಮತ್ತೆ ಎಣಿಸಿದೆವು. ಅಸ್ಪಷ್ಟವಾದ 37 ನಮೂದುಗಳನ್ನು ಬೇರೆ ವರ್ಗಕ್ಕೆ ಸೇರಿಸಿದ್ದೇವೆ. ಇದರಿಂದ ಹೋಟೆಲ್ ಕಾರ್ಮಿಕರ ಪ್ರಮಾಣ ಶೇಕಡಾ 68ರಿಂದ 59ಕ್ಕೆ ಇಳಿದಿದೆ. ಸಾರಾಂಶ, ಕೋಷ್ಟಕ 2 ಮತ್ತು ಸಮಾರೋಪವನ್ನು ಅದಕ್ಕೆ ತಕ್ಕಂತೆ ತಿದ್ದಿದ್ದೇವೆ. ಎರಡನೇ ಪರಿಶೀಲಕರ ಸಲಹೆಯಿಂದ ಲೇಖನದ ವ್ಯಾಪ್ತಿ ಎಷ್ಟು ಎಂಬುದನ್ನು ಸ್ಪಷ್ಟವಾಗಿ ಹೇಳಲು ಸಾಧ್ಯವಾಯಿತು.
>
> ಒಟ್ಟು 12 ಅಂಶಗಳಲ್ಲಿ 11ನ್ನು ಅಳವಡಿಸಿದ್ದೇವೆ. ಮರಾಠಿ ರಾತ್ರಿ ಶಾಲೆಗಳೊಂದಿಗೆ ಹೋಲಿಕೆ ಬೇಕೆಂಬ ಸಲಹೆಯನ್ನು (ಪರಿಶೀಲಕ 2, ಅಂಶ 4) ಅಳವಡಿಸಲಾಗಿಲ್ಲ. ಅದೇ ಅವಧಿಯ ದಾಖಲಾತಿ ಪುಸ್ತಕ ನಮಗೆ ಲಭ್ಯವಿಲ್ಲದ್ದರಿಂದ ಹೋಲಿಕೆಗೆ ಸಮಾನ ಆಧಾರ ಸಿಗುವುದಿಲ್ಲ. ಈ ಮಿತಿಯನ್ನು ಭಾಗ 5ರ ಕೊನೆಯ ಪ್ಯಾರಾದಲ್ಲಿ ದಾಖಲಿಸಿದ್ದೇವೆ.
>
> ತಾವು ಸೂಚಿಸಿದಂತೆ ಲೇಖನ ಈಗ ಅಡಿಟಿಪ್ಪಣಿ ಸೇರಿ 4,960 ಪದಗಳಲ್ಲಿದೆ. ತಿದ್ದಿದ ಶುದ್ಧ ಪ್ರತಿ, ಬದಲಾವಣೆ ಗುರುತಿಸಿದ ಪ್ರತಿ ಮತ್ತು ಉತ್ತರಪಟ್ಟಿಯನ್ನು ಲಗತ್ತಿಸಿದ್ದೇವೆ.
>
> ಇಬ್ಬರೂ ಲೇಖಕರ ಪರವಾಗಿ,
> (ಸಂಪರ್ಕ ಲೇಖಕರ ಹೆಸರು, ವಿಳಾಸ)

ಎರಡನೇ ಪರಿಶೀಲಕರ ಸಲಹೆಯನ್ನು ಅಳವಡಿಸದೆ ಇದ್ದರೂ ಅದರಿಂದ ಆದ ಪ್ರಯೋಜನವನ್ನು ಹೇಳಿದ್ದನ್ನು ಗಮನಿಸಿ. ಅದು ಬರೀ ಉಪಚಾರವಲ್ಲ, ಮಿತಿಯ ಪ್ಯಾರಾ ಹುಟ್ಟಿದ್ದೇ ಅವರ ಮಾತಿನಿಂದ. ಹೇಳಲು ನಿಜವಾಗಿ ಏನೂ ಇಲ್ಲದಿದ್ದರೆ ಇಬ್ಬರಿಗೂ ಸೇರಿಸಿ ಹೇಳಿದ ಒಂದು ವಾಕ್ಯದಲ್ಲೇ ನಿಲ್ಲಿಸಬಹುದು.

ಪತ್ರ ಒಂದು ಪುಟ ದಾಟುತ್ತಿದ್ದರೆ ಉತ್ತರಪಟ್ಟಿಯಲ್ಲಿ ಇರಬೇಕಾದದ್ದು ಅದರೊಳಗೆ ಸೇರಿಕೊಂಡಿದೆ ಎಂದರ್ಥ. ಕಳಿಸುವ ಮೊದಲು ಜೊತೆ ಲೇಖಕರು ಓದಿರಬೇಕು. ಅವರ ಪರವಾಗಿ ಎಂದು ಸಹಿ ಹಾಕುತ್ತಿದ್ದೀರಿ, ಇಳಿದ ಅಂಕಿಯ ಸುದ್ದಿ ಅವರಿಗೆ ಮೊದಲ ಸಲ ಪತ್ರಿಕೆಯಿಂದ ತಿಳಿಯಬಾರದು.

ಉತ್ತರಪಟ್ಟಿಯಲ್ಲಿ ಕೃತಜ್ಞತೆ

ಪರಿಶೀಲಕರು ಓದುವುದು ಮುಖ್ಯವಾಗಿ ಉತ್ತರಪಟ್ಟಿಯನ್ನು. ಕವರ್ ಲೆಟರ್ ಅವರಿಗೆ ಕಾಣುತ್ತದೆಯೇ ಎಂಬುದು ಆಯಾ ಪತ್ರಿಕೆಯ ಪದ್ಧತಿ. ಹಾಗಾಗಿ ಪಟ್ಟಿಯ ತಲೆಯಲ್ಲೂ ಒಬ್ಬೊಬ್ಬರಿಗೆ ಒಂದೊಂದು ವಾಕ್ಯದ ಕೃತಜ್ಞತೆ ಇರಲಿ. ಆದರೆ ಹನ್ನೆರಡು ಅಂಶಗಳಿಗೂ "ಈ ಅಮೂಲ್ಯ ಸಲಹೆಗೆ ಧನ್ಯವಾದಗಳು" ಎಂದು ಅಂಟಿಸುತ್ತ ಹೋದರೆ ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಓದುವವರಿಗೆ ಕಿರಿಕಿರಿ. ಲೇಖನವನ್ನು ನಿಜವಾಗಿ ಬದಲಿಸಿದ ಒಂದೋ ಎರಡೋ ಅಂಶಕ್ಕೆ ಮಾತ್ರ ಹೇಳಿ, ಉಳಿದ ಕಡೆ "ತಿದ್ದಿದ್ದೇವೆ, ಪುಟ 7" ಎಂದರೆ ಮುಗಿಯಿತು.

ಲೇಖಕರ ಹೆಸರು ಪರಿಶೀಲಕರಿಗೆ ತಿಳಿಯಬಾರದು ಎಂಬ ಪದ್ಧತಿಯ ಪತ್ರಿಕೆಯಾದರೆ ಈ ಪಟ್ಟಿಯಲ್ಲಿ ಹೆಸರು, ಸಂಸ್ಥೆ, "ನಮ್ಮ ಹಿಂದಿನ ಲೇಖನದಲ್ಲಿ ಹೇಳಿದಂತೆ" ಇತ್ಯಾದಿ ಏನೂ ಇರಕೂಡದು. ಹೆಸರು ಕವರ್ ಲೆಟರಿನಲ್ಲಿ ಮಾತ್ರ. ಕಣ್ಣಿಗೆ ಬೀಳದ ಜಾಗ ಇನ್ನೊಂದಿದೆ. ಬದಲಾವಣೆ ಗುರುತಿಸಿದ ವರ್ಡ್ ಪ್ರತಿಯಲ್ಲಿ ಪ್ರತಿ ತಿದ್ದುಪಡಿಯ ಪಕ್ಕ ನಿಮ್ಮ ಹೆಸರು ಮೂಡಿರುತ್ತದೆ. ವರ್ಡಿನಲ್ಲಿ `File` → `Info` → `Check for Issues` → `Inspect Document` ಎಂಬಲ್ಲಿಗೆ ಹೋಗಿ ವೈಯಕ್ತಿಕ ಮಾಹಿತಿಯನ್ನು ತೆಗೆಯಬಹುದು. ಇದನ್ನು ನಕಲು ಪ್ರತಿಯ ಮೇಲೆ ಮಾಡಿ. ಪಟ್ಟಿಯಲ್ಲಿ ತಿದ್ದುಪಡಿಗಳನ್ನೇ ತೆಗೆಯುವ ಆಯ್ಕೆಯೂ ಇರುತ್ತದೆ, ಅದನ್ನು ಒತ್ತಬೇಡಿ.

ಇದರ ಇನ್ನೊಂದು ಮಗ್ಗುಲೂ ಇದೆ. ಪರಿಶೀಲಕರು ಯಾರೆಂದು ಬರಹದ ಧಾಟಿಯಿಂದಲೇ ನಿಮಗೆ ಹೊಳೆದಿರಬಹುದು. ಪತ್ರದಲ್ಲಿ ಅದರ ಸುಳಿವೂ ಇರಬಾರದು. "ಈ ಕ್ಷೇತ್ರದಲ್ಲಿ ದಶಕಗಳ ಕಾಲ ದುಡಿದ ಹಿರಿಯರು" ಎಂದು ಬರೆದರೆ ನೀವು ಗುರುತಿಸಿದ್ದೀರಿ ಎಂದು ಹೇಳಿದ ಹಾಗೇ ಆಯಿತು. ಊಹೆ ತಪ್ಪಾಗಿದ್ದರಂತೂ ಇನ್ನಷ್ಟು ಮುಜುಗರ.

ಅಕ್ಷರ ಮತ್ತು ಪುಟಸಂಖ್ಯೆ

ಕನ್ನಡದಲ್ಲಿ ಕಳಿಸುವವರಿಗೆ ಎರಡು ತಾಂತ್ರಿಕ ತೊಡಕುಗಳಿವೆ. ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಪತ್ರ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರ, ಚಿಹ್ನೆಗಳಾಗಿ ತೆರೆದುಕೊಳ್ಳುತ್ತದೆ. ಇಮೇಲಿನಲ್ಲಿ ಅಂಟಿಸಿದರೂ ಅದೇ ಗತಿ. ಯೂನಿಕೋಡಿನಲ್ಲೇ ಟೈಪ್ ಮಾಡಿ. ಹಳೆಯ ಫಾಂಟಿನಿಂದ ಪರಿವರ್ತಿಸಿದ್ದರೆ ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಕಣ್ಣಿಟ್ಟು ನೋಡಿ, ಪರಿವರ್ತಕಗಳು ಎಡವುವುದು ಹೆಚ್ಚಾಗಿ ಅಲ್ಲಿಯೇ. ಪತ್ರದ ಪಿಡಿಎಫ್ ಒಂದನ್ನೂ ಜೊತೆಗಿಡಿ.

ಎರಡನೆಯದು ಪುಟಸಂಖ್ಯೆ. ನಿಮ್ಮ ಯಂತ್ರದಲ್ಲಿ 7ನೇ ಪುಟದಲ್ಲಿರುವುದು ಬೇರೆ ಫಾಂಟ್ ಇರುವ ಯಂತ್ರದಲ್ಲಿ 8ಕ್ಕೆ ಜಾರುತ್ತದೆ. ಬದಲಾವಣೆಗಳನ್ನು ತೋರಿಸುವ ಪ್ರತಿಯ ಪುಟಕ್ಕೂ ಶುದ್ಧ ಪ್ರತಿಯ ಪುಟಕ್ಕೂ ಹೊಂದುವುದಿಲ್ಲ. "ಪುಟಸಂಖ್ಯೆಗಳು ಶುದ್ಧ ಪ್ರತಿಯ ಪಿಡಿಎಫಿನವು" ಎಂದು ಉತ್ತರಪಟ್ಟಿಯ ಮೇಲೆ ಬರೆದರೆ ಗೊಂದಲವಿಲ್ಲ. ಕವರ್ ಲೆಟರಿನಲ್ಲಿ ಪುಟದ ಬದಲು ಭಾಗ, ಪ್ಯಾರಾ ಹೇಳುವುದೇ ಕ್ಷೇಮ.

ಕಳಿಸುವ ದಾರಿ

ಇಮೇಲಿನಲ್ಲಿ ಕಳಿಸುವ ಪತ್ರಿಕೆಯಾದರೆ ನಿರ್ಣಯ ಬಂದ ಮೇಲ್‌ಗೇ ಉತ್ತರವಾಗಿ ಕಳಿಸಿ, ಹೊಸ ಮೇಲ್ ಬೇಡ. ಪತ್ರವನ್ನು ಮೇಲ್‌ನ ಒಡಲಲ್ಲೇ ಬರೆಯಿರಿ. "ಪತ್ರ ಲಗತ್ತಿಸಿದೆ" ಎಂಬ ಒಂದು ಸಾಲಿನ ಮೇಲ್ ಓದುವವರಿಗೆ ಒಂದು ಕ್ಲಿಕ್ ಹೆಚ್ಚು.

ಆನ್‌ಲೈನ್ ವ್ಯವಸ್ಥೆಗಳಲ್ಲಿ ಪತ್ರ ಸರಿಯಿದ್ದರೂ ದಾರಿ ತಪ್ಪುವುದಿದೆ. Editorial Manager ಬಳಸುವ ಪತ್ರಿಕೆಗಳಲ್ಲಿ ತಿದ್ದಿದ ಲೇಖನವನ್ನು `Submissions Needing Revision` ಎಂಬಲ್ಲಿಂದ ಕಳಿಸಬೇಕು. `Submit New Manuscript` ಒತ್ತಿದರೆ ಅದು ಹೊಸ ಲೇಖನವಾಗಿ ಸೇರಿಕೊಂಡು, ನೀವು ಧನ್ಯವಾದ ಹೇಳಿದ ಪರಿಶೀಲಕರ ಕೊಂಡಿಯೇ ತಪ್ಪುತ್ತದೆ. ಕಡತಗಳನ್ನು ಏರಿಸಿದ ಮೇಲೆ ವ್ಯವಸ್ಥೆ ಒಂದು ಪಿಡಿಎಫ್ ಕಟ್ಟುತ್ತದೆ. ಅದನ್ನು ತೆರೆದು ನೋಡಿ `Approve Submission` ಒತ್ತುವ ತನಕ ಲೇಖನ ಸಂಪಾದಕರಿಗೆ ತಲುಪಿರುವುದಿಲ್ಲ. ಕಳಿಸಿದೆ ಎಂದುಕೊಂಡು ವಾರಗಟ್ಟಲೆ ಕಾಯುವವರ ಲೇಖನ ಎಷ್ಟೋ ಸಲ ಇಲ್ಲೇ ನಿಂತಿರುತ್ತದೆ. ದೃಢೀಕರಣದ ಮೇಲ್ ಬಂದಿಲ್ಲ ಎಂದರೆ ಮೊದಲು ಇದನ್ನು ನೋಡಿ.

ScholarOne ವ್ಯವಸ್ಥೆಯಲ್ಲಿ `Create a Revision` ಒತ್ತಿದಾಗ ಹಳೆಯ ಸಂಖ್ಯೆಯ ಕೊನೆಗೆ `.R1` ಸೇರುತ್ತದೆ. ಅದು ಸೇರಿದ್ದರೆ ದಾರಿ ಸರಿಯಿದೆ. ಪತ್ರದಲ್ಲೂ ಆ ಸಂಖ್ಯೆಯನ್ನೇ ಹಾಕಿ. ಅಲ್ಲಿ ನಿರ್ಣಯಕ್ಕೆ ಉತ್ತರ ಬರೆಯುವ ಚೌಕಕ್ಕೂ ಕವರ್ ಲೆಟರಿಗೂ ಬೇರೆ ಬೇರೆ ಜಾಗಗಳಿವೆ, ಅದಲುಬದಲಾಗದಂತೆ ನೋಡಿಕೊಳ್ಳಿ.

ಪತ್ರಕ್ಕೆ ಸೇರದ ಸಂಗತಿಗಳು

ಪರಿಶೀಲಕರೊಬ್ಬರು ಒಬ್ಬರೇ ಲೇಖಕರ ಮೂರು ನಾಲ್ಕು ಲೇಖನಗಳನ್ನು ಉಲ್ಲೇಖಿಸಲೇಬೇಕೆಂದು ಕೇಳಿದ್ದಾರೆ, ಅವುಗಳಿಗೂ ನಿಮ್ಮ ವಿಷಯಕ್ಕೂ ಸಂಬಂಧವಿಲ್ಲ ಎನ್ನಿ. ತಮ್ಮ ಉಲ್ಲೇಖಗಳ ಸಂಖ್ಯೆ ಹೆಚ್ಚಿಸಿಕೊಳ್ಳಲೆಂದೇ ಹಾಗೆ ಕೇಳಕೂಡದು ಎಂದು ಪ್ರಕಟಣಾ ನೀತಿಯ ಸಂಸ್ಥೆಯಾದ ಸಿಒಪಿಇ ಪರಿಶೀಲಕರಿಗೆ ಕೊಟ್ಟ ಮಾರ್ಗಸೂಚಿಯಲ್ಲೇ ಇದೆ. ಕೃತಜ್ಞತಾ ಪತ್ರದಲ್ಲಿ ಇದನ್ನು ಎತ್ತಬೇಡಿ. ಸಂಪಾದಕರಿಗೆ ಪ್ರತ್ಯೇಕವಾಗಿ, ಆರೋಪದ ಧಾಟಿಯಿಲ್ಲದೆ, "ಈ ಲೇಖನಗಳು ನಮ್ಮ ವಿಷಯಕ್ಕೆ ಹೊಂದುವಂತೆ ಕಾಣಲಿಲ್ಲ, ಸೇರಿಸಬೇಕೇ ಎಂದು ತಾವು ತಿಳಿಸಬೇಕು" ಎಂದು ಬರೆಯಿರಿ. ಉತ್ತರಪಟ್ಟಿಯಲ್ಲಿ, ವಿಷಯಕ್ಕೆ ಹೊಂದುವ ಒಂದಿದ್ದರೆ ಸೇರಿಸಿದ್ದೇವೆ ಎಂದಷ್ಟೇ ಇರಲಿ.

ಗಡುವು ಮೀರುವಂತಿದ್ದರೆ ಅದಕ್ಕೂ ಬೇರೆ ಪತ್ರ, ಗಡುವಿಗೆ ಮುಂಚೆಯೇ. ದಿನ ಕಳೆದ ಮೇಲೆ ಕ್ಷಮೆಯನ್ನೂ ಕೃತಜ್ಞತೆಯನ್ನೂ ಒಟ್ಟಿಗೆ ಕಳಿಸುವ ಹೊತ್ತಿಗೆ ಕೆಲವು ವ್ಯವಸ್ಥೆಗಳಲ್ಲಿ ಪರಿಷ್ಕರಣೆಯ ಲಿಂಕ್ ಮುಚ್ಚಿರುತ್ತದೆ.

ಸಣ್ಣಪುಟ್ಟ ತಿದ್ದುಪಡಿ ಮಾತ್ರ ಕೇಳಿದ್ದರೆ ನಾಲ್ಕು ವಾಕ್ಯ ಸಾಕು: ಯಾವ ಲೇಖನ, ಧನ್ಯವಾದ, ಎಷ್ಟು ತಿದ್ದುಪಡಿ ಆಯಿತು, ಏನೇನು ಲಗತ್ತಿಸಿದೆ. ಲೇಖನ ತಿರಸ್ಕೃತವಾದರೆ ಪತ್ರ ಕಡ್ಡಾಯವೇನೂ ಅಲ್ಲ. ಬರೆಯುವುದಾದರೆ ಎರಡು ವಾಕ್ಯದಲ್ಲಿ ಮುಗಿಸಿ, ಮರುಪರಿಶೀಲನೆಯ ಮನವಿಯನ್ನು ಅದರೊಳಗೆ ತುರುಕಬೇಡಿ. ಸ್ವೀಕೃತವಾದರೆ ಲೇಖನದ ಕೊನೆಯ ಕೃತಜ್ಞತೆಯ ಭಾಗದಲ್ಲಿ "ಅನಾಮಧೇಯ ಪರಿಶೀಲಕರಿಬ್ಬರಿಗೆ ಕೃತಜ್ಞರು" ಎಂಬ ಸಾಲು ಸೇರಿಸಲು ಅದೇ ಸರಿಯಾದ ಹೊತ್ತು. ಕರಡಚ್ಚು ಬರುವ ತನಕ ಕಾಯದೆ, ಕೊನೆಯ ಪ್ರತಿ ಕಳಿಸುವಾಗಲೇ ಸೇರಿಸಿ. ಕರಡಚ್ಚಿನಲ್ಲಿ ಅಚ್ಚಿನ ತಪ್ಪು ಬಿಟ್ಟು ಬೇರೇನನ್ನೂ ಮುಟ್ಟಲು ಹಲವು ಪತ್ರಿಕೆಗಳು ಬಿಡುವುದಿಲ್ಲ.